ಜಸ್ಟ್ ಇನ್ ಟೈಮ್ ಅಂದರೆ ದಾಸ್ತಾನು ಸೊನ್ನೆಯೇ?

ಪ್ರಶ್ನೆ: ನಾನು ಬಳ್ಳಾರಿಯಲ್ಲಿ ಎಂಬಿಎ ಓದ್ತಿದ್ದೀನಿ. ಜಸ್ಟ್ ಇನ್ ಟೈಮ್ ಪಾಠದಲ್ಲಿ ದಾಸ್ತಾನು ಸೊನ್ನೆ ಇರಬೇಕು ಅಂತಾರೆ, ಮುಂದಿನ ಅಧ್ಯಾಯದಲ್ಲೇ ಸೇಫ್ಟಿ ಸ್ಟಾಕ್ ಲೆಕ್ಕ ಹಾಕಿಸ್ತಾರೆ. ಎರಡರಲ್ಲಿ ಯಾವುದು ಸರಿ? ನಮ್ಮೂರಿನ ಜೀನ್ಸ್ ಘಟಕದಂಥ ಸಣ್ಣ ಉದ್ಯಮಕ್ಕೆ ಯಾವುದು ಹೊಂದುತ್ತೆ?

ಉತ್ತರ:

ನಾನು ಇಲ್ಲೇ ಮುಂಡರಗಿ ಕಡೆಯ ಒಂದು ಜೀನ್ಸ್ ಘಟಕದಲ್ಲಿ ಖರೀದಿ ನೋಡಿಕೊಳ್ಳುತ್ತೇನೆ. ಹಾಗಾಗಿ ಈ ಎರಡು ಅಧ್ಯಾಯಗಳೂ ನನಗೆ ದಿನಾ ಒಟ್ಟೊಟ್ಟಿಗೇ ಎದುರಾಗುತ್ತವೆ. ಮೊದಲೇ ಹೇಳಿಬಿಡುತ್ತೇನೆ: ಇವು ಒಂದಕ್ಕೊಂದು ವಿರುದ್ಧವಲ್ಲ. ಬೇಕಾದಾಗ ಬೇಕಾದಷ್ಟೇ ಮಾಲು ತರಿಸುವ ಈ ಜಸ್ಟ್ ಇನ್ ಟೈಮ್ ಪದ್ಧತಿ ಹುಟ್ಟಿದ ಟೊಯೋಟಾದಲ್ಲೂ ದಾಸ್ತಾನು ಸೊನ್ನೆ ಅನ್ನುವುದಿಲ್ಲ. ನಂಬಿಕೆ ಬರದಿದ್ದರೆ ನಿಮ್ಮ ಪುಸ್ತಕದಲ್ಲಿ ಕಾನ್ಬಾನ್, ಅಂದರೆ ಕಾರ್ಡಿನ ಲೆಕ್ಕದಲ್ಲಿ ಮಾಲು ತರಿಸುವ ಪದ್ಧತಿಯ ಸೂತ್ರವನ್ನೇ ತೆಗೆದು ನೋಡಿ.

```
N = d × L × (1 + α) / C
```

ಇಲ್ಲಿ d ದಿನದ ಬಳಕೆ, L ಮಾಲು ಬರಲು ಹಿಡಿಯುವ ದಿನ, C ಒಂದು ಡಬ್ಬಿಯಲ್ಲಿರುವ ಸಂಖ್ಯೆ, N ಚಲಾವಣೆಯಲ್ಲಿ ಇಡಬೇಕಾದ ಕಾರ್ಡುಗಳು. ಪ್ರತಿ ಡಬ್ಬಿಗೆ ಒಂದು ಕಾರ್ಡು. ಡಬ್ಬಿ ಬಿಚ್ಚಿದ ತಕ್ಷಣ ಕಾರ್ಡು ಹಿಂದಕ್ಕೆ ಹೋಗುತ್ತದೆ, ಕಾರ್ಡು ಬಂದಷ್ಟು ಡಬ್ಬಿ ಮಾತ್ರ ಮುಂದಕ್ಕೆ ಬರುತ್ತವೆ. ಉಳಿದ ಆ α ಏನು? ಅದೇ ಸೇಫ್ಟಿ ಸ್ಟಾಕ್, ಏರಿಳಿತಕ್ಕೆಂದು ಹೆಚ್ಚಿಗೆ ಇಡುವ ಮಾಲು. ಜಸ್ಟ್ ಇನ್ ಟೈಮ್ ಅದನ್ನು ಅಳಿಸಿ ಹಾಕಿಲ್ಲ, ಸೂತ್ರದೊಳಗೇ ಇಟ್ಟುಕೊಂಡಿದೆ. ಅದನ್ನು ಎಷ್ಟು ಚಿಕ್ಕದು ಮಾಡಬಹುದು, ಚಿಕ್ಕದಾಗಲು ಮೊದಲು ಏನು ಸರಿಯಾಗಬೇಕು ಅನ್ನುವುದೇ ಇಡೀ ಪದ್ಧತಿಯ ಕೆಲಸ.

ಇದನ್ನು ಜಿಪ್‌ನ ಲೆಕ್ಕದಲ್ಲಿ ನೋಡೋಣ. ಕೆಳಗಿನ ಅಂಕಿಗಳು ಲೆಕ್ಕ ಸುಲಭವಾಗಲಿ ಎಂದು ನಾನು ಇಟ್ಟುಕೊಂಡವು, ಯಾವ ಘಟಕದವೂ ಅಲ್ಲ. ದಿನಕ್ಕೆ ಸರಾಸರಿ 600 ಪ್ಯಾಂಟ್ ಹೊಲಿಯುತ್ತಾರೆ ಅನ್ನಿ, ಅಂದರೆ 600 ಜಿಪ್. ಈ ದಿನದ ಬಳಕೆಯ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್ σd, 80. ಜಿಪ್ ಹೊರಊರಿನಿಂದ ಲಾರಿಯಲ್ಲಿ ಬರಬೇಕು, ಸರಾಸರಿ 6 ದಿನ. ಆ 6 ದಿನದಲ್ಲೂ ಸುಮಾರು 2 ದಿನದ ಹೆಚ್ಚುಕಮ್ಮಿ ಇದೆ, ಅದು σL. ಸೇಫ್ಟಿ ಸ್ಟಾಕನ್ನು SS ಅನ್ನೋಣ. ಕೊರತೆಯಾಗದಿರುವ ಭರವಸೆ ಶೇ. 95 ಬೇಕು, ಅದಕ್ಕೆ z ಬೆಲೆ 1.65.

```
SS = z × √( L × σd² + d² × σL² )
   = 1.65 × √( 38,400 + 14,40,000 )
   ≈ 2,006
```

ಉತ್ತರ ಬರೆದು ಪುಟ ತಿರುಗಿಸಬೇಡಿ, ಆ ವರ್ಗಮೂಲದೊಳಗಿನ ಎರಡು ಸಂಖ್ಯೆಗಳನ್ನು ನೋಡಿ. ಬಳಕೆಯ ಏರಿಳಿತದಿಂದ ಬಂದದ್ದು 38,400. ಮಾಲು ತಡವಾಗಿ ಬರುವುದರಿಂದ ಬಂದದ್ದು ಹದಿನಾಲ್ಕು ಲಕ್ಷಕ್ಕೂ ಮೇಲೆ. ಗೋಡೌನಿನಲ್ಲಿ ಹೆಚ್ಚಿಗೆ ಕೂತಿರುವ 2,006 ಜಿಪ್‌ಗಳಿಗೆ ಕಾರಣ ಗಿರಾಕಿಯಲ್ಲ, ಲಾರಿ. ತಡ ಅನ್ನುವುದೇ ಇಲ್ಲದೆ ಸರಿಯಾಗಿ 6ನೇ ದಿನಕ್ಕೆ ಮಾಲು ಬರುವಂತಿದ್ದರೆ 323 ಜಿಪ್ ಸಾಕು. ಹೆಚ್ಚುಕಮ್ಮಿಯನ್ನು 2 ದಿನದಿಂದ ಅರ್ಧ ದಿನಕ್ಕೆ ಇಳಿಸಿದರೂ ಲೆಕ್ಕ 591ಕ್ಕೆ ಬರುತ್ತದೆ, ಮೂರನೇ ಒಂದು ಭಾಗಕ್ಕಿಂತ ಕಡಿಮೆ.

ಕಾನ್ಬಾನ್ ಭಾಷೆಯಲ್ಲಿ ಹೇಳುವುದಾದರೆ 6 ದಿನದ ಬಳಕೆ 3,600, ಅದಕ್ಕೆ 2,006 ಕೂಡಿಸಿದರೆ 5,606. ಡಬ್ಬಿಗೆ 500 ಜಿಪ್ ಇದ್ದರೆ 12 ಕಾರ್ಡು ಬೇಕು. ತಡದ ಹೆಚ್ಚುಕಮ್ಮಿ ಅರ್ಧ ದಿನಕ್ಕೆ ಇಳಿದರೆ 9 ಸಾಕು. ಆ ಮೂರು ಕಾರ್ಡು ತೆಗೆಯುವ ಹಕ್ಕು ನಮಗೆ ಬರುವುದು ಲಾರಿ ನಿಯತ್ತಾಗಿ ಬರಲು ಶುರುವಾದ ಮೇಲೆ. ಮಾಲೀಕರು ಜಸ್ಟ್ ಇನ್ ಟೈಮ್ ಬಗ್ಗೆ ಎಲ್ಲೋ ಭಾಷಣ ಕೇಳಿ ಬಂದು, ಲಾರಿ ಹಾಗೇ ಇರುವಾಗ ಕಾರ್ಡು ಮಾತ್ರ ಕಿತ್ತರೆ ಅದು ಜಸ್ಟ್ ಇನ್ ಟೈಮ್ ಅಲ್ಲ, ಬರೀ ಕೊರತೆ. ಟೊಯೋಟಾದವರೂ ಕಾರ್ಡು ಬೇಕೆಂದೇ ತೆಗೆಯುತ್ತಾರೆ, ಆದರೆ ಒಂದೊಂದಾಗಿ. ತೆಗೆದ ಮೇಲೆ ಎಲ್ಲಿ ಕೆಲಸ ಎಡವುತ್ತದೆ ಎಂದು ನೋಡಿ, ಆ ಕಾರಣ ಸರಿಪಡಿಸಿ, ಆಮೇಲೆ ಮುಂದಿನದಕ್ಕೆ ಕೈ ಹಾಕುತ್ತಾರೆ.

ಹಾಗಾದರೆ ಜಿಪ್‌ಗೆ ಆ 2,006ರ ದಾಸ್ತಾನು ಇಡಬೇಕೋ ಬೇಡವೋ? ಇಡಿ, ಧಾರಾಳವಾಗಿ ಇಡಿ. ಜಿಪ್‌ಗೆ 8 ರೂಪಾಯಿ ಅಂದುಕೊಂಡರೂ ಒಟ್ಟು 16,000 ರೂಪಾಯಿ. ಬಡ್ಡಿ, ಜಾಗ, ಹಾಳಾಗುವುದು ಎಲ್ಲ ಸೇರಿ ವರ್ಷಕ್ಕೆ ಶೇ. 20 ಹಿಡಿದರೆ ಖರ್ಚು 3,200. ಜಿಪ್ ಇಲ್ಲದೆ ಒಂದೇ ಒಂದು ದಿನ ಹೊಲಿಗೆ ನಿಂತರೆ 600 ಪ್ಯಾಂಟ್ ಹೋಯಿತು. ಅದಕ್ಕಿಂತ ದೊಡ್ಡ ನಷ್ಟ ಪುಸ್ತಕದಲ್ಲಿ ಬರುವುದಿಲ್ಲ: ನಮ್ಮಲ್ಲಿ ಬಹಳಷ್ಟು ಟೈಲರ್‌ಗಳಿಗೆ ಪೀಸ್ ಲೆಕ್ಕದಲ್ಲಿ ಕೂಲಿ. ಹೊಲಿಗೆ ನಿಂತ ದಿನ ಅವರ ಮನೆಗೆ ದುಡ್ಡಿಲ್ಲ. ಅವರು ಪಕ್ಕದ ಘಟಕಕ್ಕೆ ಹೋಗುತ್ತಾರೆ, ಹೋಗಬೇಕು ಕೂಡ. ಜಿಪ್ ಎರಡು ದಿನಕ್ಕೆ ಬರಬಹುದು, ಒಳ್ಳೆ ಟೈಲರ್ ಅಷ್ಟು ಬೇಗ ವಾಪಸ್ ಬರುವುದಿಲ್ಲ. ಕೊರತೆಯ ಖರ್ಚು ಲೆಕ್ಕ ಹಾಕುವಾಗ ವಿದ್ಯಾರ್ಥಿಗಳು ಇದನ್ನು ಬಿಡುವುದು ನೋಡಿದರೆ ನನಗೆ ಬೇಜಾರಾಗುತ್ತದೆ.

ಡೆನಿಮ್ ಬಟ್ಟೆಯ ಮಾತು ಬೇರೆ. ಪ್ಯಾಂಟ್‌ಗೆ ಒಂದೂಕಾಲು ಮೀಟರ್, ಮೀಟರ್‌ಗೆ 180 ರೂಪಾಯಿ ಹಿಡಿಯಿರಿ. ದಿನಕ್ಕೆ 1,35,000 ರೂಪಾಯಿಯ ಬಟ್ಟೆ. ಅಹಮದಾಬಾದಿನ ಕಡೆಯಿಂದ ಬರುವ ಬಟ್ಟೆಗೂ ಜಿಪ್‌ನಷ್ಟೇ ಅನಿಶ್ಚಿತತೆ ಇದೆ ಎಂದುಕೊಂಡರೆ ಮೂರು ದಿನಕ್ಕೂ ಹೆಚ್ಚಿನ ಸೇಫ್ಟಿ ಸ್ಟಾಕ್ ಬೇಕು, ಅಂದರೆ ನಾಲ್ಕೂವರೆ ಲಕ್ಷ ಅಲ್ಲೇ ಕೂತಂತೆ. ಜೊತೆಗೆ ಡೆನಿಮ್ ಲಾಟ್‌ನಿಂದ ಲಾಟ್‌ಗೆ ಶೇಡ್ ಬದಲಾಗುತ್ತದೆ. ಹಳೆ ಲಾಟಿನ ಉಳಿಕೆಯನ್ನು ಹೊಸ ಲಾಟಿನ ಜೊತೆ ಒಂದೇ ಆರ್ಡರ್‌ಗೆ ಕತ್ತರಿಸಿದರೆ, ವಾಷಿಂಗ್ ಆದ ಮೇಲೆ ಎರಡು ಬಣ್ಣದ ಪ್ಯಾಂಟ್ ಕೈಗೆ ಬರುತ್ತವೆ. ಹೀಗಾಗಿ ಇಟ್ಟ ದಾಸ್ತಾನು ಬೇಕಾದ ದಿನ ಉಪಯೋಗಕ್ಕೆ ಬರುತ್ತದೆ ಎಂಬ ಖಾತ್ರಿಯೂ ಇಲ್ಲ. ಆದ್ದರಿಂದ ಬರುವ ದಿನವನ್ನು ನಿಯತ್ತು ಮಾಡಿಸುವ ಶ್ರಮವನ್ನೆಲ್ಲ ಬಟ್ಟೆಯ ಮೇಲೆ ಹಾಕಿ. ತಡದ ಹೆಚ್ಚುಕಮ್ಮಿ ಅರ್ಧ ದಿನಕ್ಕೆ ಇಳಿದರೆ ನಾಲ್ಕೂವರೆ ಲಕ್ಷ ಕೂತಲ್ಲಿ ಒಂದೂಕಾಲು ಲಕ್ಷ ಚಿಲ್ಲರೆ ಸಾಕಾಗುತ್ತದೆ. ಒಂದೇ ಘಟಕದಲ್ಲಿ ಜಿಪ್‌ಗೆ ಒಂದು ನೀತಿ, ಬಟ್ಟೆಗೆ ಇನ್ನೊಂದು. "ನಮ್ಮದು ಜಸ್ಟ್ ಇನ್ ಟೈಮ್ ಘಟಕ" ಎಂಬ ಬೋರ್ಡಿಗೆ ಅರ್ಥವಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಕೆಲವರು ದಾಸ್ತಾನನ್ನು ಊರಿನ ಬಿಡಿಸಾಮಾನು ಅಂಗಡಿಯವನ ಮೇಲೆ ಹೊರಿಸಿ, ಬೇಕಾದಾಗ ತರಿಸಿಕೊಂಡು, ನಾವು ದಾಸ್ತಾನು ಇಳಿಸಿದೆವು ಅನ್ನುತ್ತಾರೆ. ದಾಸ್ತಾನು ಎಲ್ಲೂ ಇಳಿದಿಲ್ಲ, ಅದರ ಖರ್ಚು ಜಿಪ್‌ನ ದರದಲ್ಲಿ ಸೇರಿ ನಿಮಗೇ ಬರುತ್ತದೆ. ಟೊಯೋಟಾಗೆ ದಾಸ್ತಾನು ಇಳಿಸುವುದು ನಿಜವಾಗಿ ಸಾಧ್ಯವಾದದ್ದಕ್ಕೆ ಒಂದು ದೊಡ್ಡ ಕಾರಣ, ಅದರ ಬಹಳಷ್ಟು ಪೂರೈಕೆದಾರರು ಕಾರ್ಖಾನೆಯ ಆಸುಪಾಸಿನಲ್ಲೇ ಇದ್ದು ದಿನಕ್ಕೆ ಹಲವು ಸಲ ಸ್ವಲ್ಪಸ್ವಲ್ಪ ಮಾಲು ಕೊಡುವುದು. ಬಳ್ಳಾರಿಗೆ ದಿನಾ 600 ಜಿಪ್ ಹಾಕಿಕೊಂಡು ಯಾವ ಲಾರಿಯೂ ಬರುವುದಿಲ್ಲ.

ಈಗ ಅಪಾಯದ ವಿಷಯ. ಮೇಲಿನ ಸೂತ್ರ ದಿನನಿತ್ಯದ ಹೆಚ್ಚುಕಮ್ಮಿಗೆ ಮಾತ್ರ. ಶೇ. 95 ಅಂದರೆ ಪ್ರತಿ ಆರ್ಡರ್ ಸುತ್ತಿನಲ್ಲಿ ಕೊರತೆಯಾಗದಿರುವ ಸಾಧ್ಯತೆ. ವರ್ಷಕ್ಕೆ 30 ಆರ್ಡರ್ ಹಾಕುವವರಿಗೆ ಒಂದೆರಡು ಸಲ ಕೊರತೆ ಆಗಿಯೇ ಆಗುತ್ತದೆ ಎಂದು ಅದೇ ಅಂಕಿ ಹೇಳುತ್ತಿದೆ. ಅದಲ್ಲದೆ, ತಡ ಎಂಬುದು ಗಂಟೆಯಾಕಾರದ ರೇಖೆಯಂತೆ ಎರಡೂ ಕಡೆ ಸಮನಾಗಿ ಹರಡಿರುವುದಿಲ್ಲ. ಮಾಲು ಒಂದು ದಿನ ಮೊದಲು ಬರಬಹುದು, ಹತ್ತು ದಿನ ಮೊದಲು ಬರುವುದಿಲ್ಲ. ದೀಪಾವಳಿ ಹೊತ್ತಿಗೆ ಹತ್ತು ದಿನ ತಡವಂತೂ ಆಗಬಹುದು. ಆ ಹಬ್ಬದ ತಡವನ್ನು ಸರಾಸರಿಗೆ ಸೇರಿಸಿ ವರ್ಷವಿಡೀ ಹೆಚ್ಚು ದಾಸ್ತಾನು ಇಡಬೇಡಿ. ಬರುವುದು ಗೊತ್ತೇ ಇದೆಯಲ್ಲ, ಆಗಷ್ಟೇ ಮುಂಚೆ ತರಿಸಿ.

ಗೊತ್ತಿಲ್ಲದೆ ಬರುವುದಕ್ಕೆ ಈ ಸೂತ್ರ ಆಗುವುದೇ ಇಲ್ಲ. 1997ರ ಫೆಬ್ರುವರಿ 1ರಂದು ಜಪಾನಿನ ಕಾರಿಯಾದಲ್ಲಿದ್ದ ಐಸಿನ್ ಸೈಕಿ ಕಾರ್ಖಾನೆಗೆ ಬೆಂಕಿ ಬಿತ್ತು. ಅಲ್ಲಿ ತಯಾರಾಗುತ್ತಿದ್ದದ್ದು ಪಿ-ವಾಲ್ವ್ ಎಂಬ ಚಿಕ್ಕ ಭಾಗ, ಹಿಂದಿನ ಚಕ್ರಗಳ ಬ್ರೇಕಿನ ಒತ್ತಡ ಹಿಡಿತದಲ್ಲಿಡುವುದು. ಟೊಯೋಟಾ ಬಳಸುತ್ತಿದ್ದ ಈ ವಾಲ್ವ್‌ಗಳು ಹೆಚ್ಚುಕಡಿಮೆ ಎಲ್ಲವೂ ಅದೊಂದೇ ಕಾರ್ಖಾನೆಯವು. ಕೈಯಲ್ಲಿದ್ದ ದಾಸ್ತಾನು ಗಂಟೆಗಳ ಲೆಕ್ಕದ್ದು. ಕೆಲವೇ ದಿನಗಳಲ್ಲಿ ಜಪಾನಿನ ಟೊಯೋಟಾ ಸಾಲುಗಳು ಬಹುಪಾಲು ನಿಂತವು. ಆಗ ನಕ್ಷೆಗಳನ್ನು ಇತರ ಪೂರೈಕೆದಾರರಿಗೆ ಹಂಚಿದರು. ನಮ್ಮ ಟೈಲರ್‌ಗಳಿಗೂ ಪರಿಚಯವಿರುವ ಹೊಲಿಗೆ ಯಂತ್ರದ ಬ್ರದರ್ ಕಂಪನಿ ಕೂಡ ತನ್ನ ಯಂತ್ರಗಳಲ್ಲಿ ಆ ವಾಲ್ವ್ ಮಾಡಿಕೊಟ್ಟಿತು. ಸುಮಾರು ಒಂದು ವಾರದಲ್ಲಿ ಉತ್ಪಾದನೆ ಹಳಿಗೆ ಬಂತು.

ಇದರಿಂದ ಟೊಯೋಟಾ ಜಸ್ಟ್ ಇನ್ ಟೈಮ್ ಬಿಡಲಿಲ್ಲ. 2011ರ ಭೂಕಂಪ, ಸುನಾಮಿಯ ನಂತರ ಬೇರೊಂದು ಪ್ರಶ್ನೆ ಕೇಳಿಕೊಂಡಿತು: ಈ ಭಾಗ ಕೊಡುವವನು ಬಿದ್ದರೆ ಎದ್ದು ನಿಲ್ಲಲು ಎಷ್ಟು ದಿನ ಬೇಕು, ಅಷ್ಟು ದಿನ ನಾವು ಬದುಕಿರುತ್ತೇವೆಯೇ? ವಾಲ್ವ್‌ನಂಥದ್ದನ್ನು ಯಂತ್ರ ಇರುವ ಯಾರಾದರೂ ವಾರದಲ್ಲಿ ಮಾಡಿಕೊಟ್ಟಾರು. ಚಿಪ್ ತಯಾರಿ ಹಾಗಲ್ಲ, ಬೇರೆಯವರು ಶುರುಮಾಡಲು ತಿಂಗಳುಗಟ್ಟಲೆ ಬೇಕು. ಆದ್ದರಿಂದ ಪೂರೈಕೆದಾರರು 2ರಿಂದ 6 ತಿಂಗಳ ಚಿಪ್ ದಾಸ್ತಾನು ಇಡುವಂತೆ ಮಾಡಿತು. 2021ರ ಆರಂಭದಲ್ಲಿ ಚಿಪ್ ಕೊರತೆಗೆ ಬೇರೆ ಕಾರು ಕಂಪನಿಗಳು ಉತ್ಪಾದನೆ ಇಳಿಸುವಾಗ ಟೊಯೋಟಾ ತಡೆದುಕೊಂಡದ್ದು ಇದರಿಂದ. ಆದರೆ ಕೊರತೆ ಮುಗಿಯಲೇ ಇಲ್ಲ, ಅದೇ ವರ್ಷ ಸೆಪ್ಟೆಂಬರ್‌ನ ಜಾಗತಿಕ ಉತ್ಪಾದನೆಯನ್ನು ಅದೂ ಶೇ. 40ರಷ್ಟು ಇಳಿಸಬೇಕಾಯಿತು. ದಾಸ್ತಾನು ಸಮಯ ಕೊಡುತ್ತದೆ ಅಷ್ಟೆ, ಆ ಸಮಯದಲ್ಲಿ ಮಾಡಲು ಇನ್ನೊಂದು ದಾರಿಯೂ ಇರಬೇಕು. ನಮ್ಮ ಜಿಪ್‌ಗೆ ಆ ದಾರಿ ಸುಲಭ: ಎರಡನೇ ಊರಿನ ಪೂರೈಕೆದಾರನ ಸ್ಯಾಂಪಲ್ ಮೊದಲೇ ಪಾಸು ಮಾಡಿಸಿಟ್ಟುಕೊಂಡು, ವರ್ಷದಲ್ಲಿ ಒಂದಷ್ಟು ಆರ್ಡರ್ ಅವನಿಗೂ ಕೊಡುತ್ತಿರುವುದು. ಒಂದೂ ಆರ್ಡರ್ ಕೊಡದವನು ಕಷ್ಟದ ದಿನ ಫೋನ್ ಎತ್ತುವುದಿಲ್ಲ.

ಪ್ರಾಜೆಕ್ಟ್ ಮಾಡುವುದಾದರೆ ಯಾವುದಾದರೂ ಘಟಕಕ್ಕೆ ಹೋಗಿ ಒಂದು ವರ್ಷದ ಬಿಲ್ ಫೈಲ್ ಕೇಳಿ. ಒಂದೇ ಒಂದು ಸಾಮಾನು ಆರಿಸಿಕೊಂಡು ಪ್ರತಿ ಖರೀದಿಗೆ ಮೂರು ತಾರೀಖು ಬರೆದುಕೊಳ್ಳಿ: ಆರ್ಡರ್ ಹಾಕಿದ್ದು, ಲಾರಿ ರಸೀದಿಯ ಮೇಲಿರುವುದು, ಗೋಡೌನಿಗೆ ಬಂದದ್ದು. ಮೊದಲ ಎರಡರ ನಡುವಿನ ತಡ ಪೂರೈಕೆದಾರನದು, ನಂತರದ ಎರಡರ ನಡುವಿನದು ಟ್ರಾನ್ಸ್‌ಪೋರ್ಟಿನದು. ಎರಡಕ್ಕೂ ಸ್ಟ್ಯಾಂಡರ್ಡ್ ಡೀವಿಯೇಶನ್ ಬೇರೆಬೇರೆ ತೆಗೆಯಿರಿ. ಪೂರೈಕೆದಾರನದು ದೊಡ್ಡದಿದ್ದರೆ ಮುಂದಿನ ತಿಂಗಳ ಅಂದಾಜು ಅವನಿಗೆ ಮುಂಚೆಯೇ ಕೊಡುವುದು ಮದ್ದು. ಟ್ರಾನ್ಸ್‌ಪೋರ್ಟಿನದು ದೊಡ್ಡದಿದ್ದರೆ ಪೂರೈಕೆದಾರನ ಜೊತೆ ಎಷ್ಟು ಮಾತಾಡಿದರೂ ಒಂದು ಕಾರ್ಡೂ ಕಡಿಮೆಯಾಗುವುದಿಲ್ಲ, ಲಾರಿ ಆಫೀಸು ಬದಲಿಸಬೇಕು.