ಕಾಣದ ಹೈಡ್ರೋಜನ್ ಬೆಂಕಿ

ಪ್ರಶ್ನೆ: ಹೈಡ್ರೋಜನ್ ಸಿಲಿಂಡರ್ ಸೋರಿ ಬೆಂಕಿ ಹತ್ತಿದರೆ ಕಣ್ಣಿಗೇ ಕಾಣಲ್ಲವಂತೆ, ಮತ್ತೆ ಗೊತ್ತಾಗೋದು ಹೇಗೆ?

ಹಗಲಲ್ಲಿ ಬಹುತೇಕ ಕಾಣುವುದಿಲ್ಲ. ಹೈಡ್ರೋಜನ್‌ನಲ್ಲಿ ಇಂಗಾಲವಿಲ್ಲ, ಹಾಗಾಗಿ ಜ್ವಾಲೆಯನ್ನು ಹಳದಿಯಾಗಿ ಹೊಳೆಸುವ ಮಸಿಯ ಕಣಗಳೂ ಇಲ್ಲ. ಸೂಸುವ ಶಾಖವೂ ಕಡಿಮೆ, ತೀರಾ ಹತ್ತಿರ ಹೋಗುವವರೆಗೆ ಬಿಸಿ ತಟ್ಟದು. ನಾಸಾದ ಕೆಲಸಗಾರರು ಹಿಂದೆ ಪೊರಕೆಯನ್ನು ಮುಂದೆ ಚಾಚಿ ನಡೆಯುತ್ತಿದ್ದರು; ಕಡ್ಡಿ ಹೊತ್ತಿಕೊಂಡಲ್ಲಿ ಬೆಂಕಿ ಇದೆ ಎಂದರ್ಥ. ಈಗ ಅತಿನೇರಳೆ ಕಿರಣ ಗುರುತಿಸುವ ಡಿಟೆಕ್ಟರ್‌ಗಳಿವೆ.

ಗೊತ್ತಾದ ಮೇಲೆ ಜ್ವಾಲೆ ಆರಿಸಲು ಹೋಗಬೇಡಿ, ದೂರದಿಂದಲೇ ವಾಲ್ವ್ ಮುಚ್ಚಿಸಿ. ಸೋರಿಕೆ ನಿಲ್ಲದೆ ಬೆಂಕಿ ಮಾತ್ರ ಆರಿದರೆ ಹಗುರವಾದ ಅನಿಲ ಮೇಲೇರಿ ಚಾವಣಿಯಡಿ ಸೇರುತ್ತದೆ. ಅಡುಗೆ ಅನಿಲ ಗಾಳಿಯಲ್ಲಿ ಸುಮಾರು ಶೇ. 2ರಿಂದ 10ರಷ್ಟಿದ್ದಾಗ ಮಾತ್ರ ಹೊತ್ತುತ್ತದೆ, ಹೈಡ್ರೋಜನ್ ಶೇ. 4ರಿಂದ 75ರವರೆಗೂ ಹೊತ್ತುತ್ತದೆ. ಅದಕ್ಕೆ ಬಟ್ಟೆಯ ಸ್ಥಾಯಿ ವಿದ್ಯುತ್ತಿನ ಕಿಡಿಯೂ ಸಾಕು. ಆದ್ದರಿಂದಲೇ ಸಿಲಿಂಡರ್ ಇಡುವ ಕೋಣೆಗೆ ಚಾವಣಿಯ ಅತಿ ಎತ್ತರದ ಜಾಗದಲ್ಲೇ ಗಾಳಿಕಿಂಡಿ ಬೇಕು.