ಪಿಟಿ 70ಕ್ಕೆ ಬಂತು ಅಂತ ಪ್ಯಾಕ್ ಕೊಳ್ಳೋ ಮುಂಚೆ

ಪ್ರಶ್ನೆ: ಗೆನ್‌ಶಿನ್ ಇಂಪ್ಯಾಕ್ಟ್‌ನಲ್ಲಿ ನನ್ನ ಪಿಟಿ 70 ಆಗಿದೆ, ಅಂದ್ರೆ ಫೈವ್ ಸ್ಟಾರ್ ಕ್ಯಾರೆಕ್ಟರ್ ಸಿಗದೆ ಲಾಟರಿ ಥರದ 70 ಪುಲ್ ಆಗಿವೆ, ಬ್ಯಾನರ್ ಮುಗಿಯೋಕೆ ಎರಡೇ ದಿನ. ಒಂದು ದೊಡ್ಡ ಪ್ಯಾಕ್ ಕೊಂಡರೆ ಕ್ಯಾರೆಕ್ಟರ್ ಬಂದೇ ಬರುತ್ತೆ ಅಲ್ವಾ? ತಿಂಗಳಿಗೆ ಎಷ್ಟು ಲಿಮಿಟ್ ಇಟ್ಕೊಳ್ಳಲಿ?

ಬಂದೇ ಬರುತ್ತೆ ಅಂತ ನಾನೂ ನಂಬಿದ್ದೆ. ಕೊನೆಯ ರಾತ್ರಿ ಪ್ಯಾಕ್ ಕೊಂಡೆ, ಉಲ್ಕೆ ಚಿನ್ನದ ಬಣ್ಣಕ್ಕೆ ತಿರುಗಿತು, ಬಂದಿದ್ದು ಬ್ಯಾನರಿನವರಲ್ಲ, ಕಿಕಿ!

90ನೇ ಪುಲ್‌ಗೆ ಗ್ಯಾರಂಟಿ ಇರುವುದು ಯಾವುದೋ ಒಂದು ಫೈವ್ ಸ್ಟಾರ್‌ಗೆ ಮಾತ್ರ. ಅದು ನಮಗೆ ಬೇಕಾದವರೇ ಆಗಿರುವುದಕ್ಕೆ ಸುಮಾರು ಅರ್ಧಕ್ಕರ್ಧ ಅವಕಾಶ (2024ರ 5.0 ಆವೃತ್ತಿಯ ನಂತರ ಕೊಂಚ ಜಾಸ್ತಿ). ಕೈತಪ್ಪಿದರೆ ಮುಂದಿನ ಫೈವ್ ಸ್ಟಾರ್ ಖಂಡಿತ ಬ್ಯಾನರಿನದೇ, ಆದರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ನಾನು ಇದನ್ನು ಓದಿಯೇ ಇರಲಿಲ್ಲ. ಓದಿದ ಮೇಲಾದರೂ ನಿಲ್ಲಿಸಿದೆನಾ? ಇಲ್ಲ. 'ಈಗ ಗ್ಯಾರಂಟಿ ಇದೆಯಲ್ಲ, ಬಿಟ್ಟರೆ ಹಾಳಾಗುತ್ತೆ' ಅಂತ ಇನ್ನೊಂದು ಪ್ಯಾಕ್ ಕೊಂಡೆ. ಏನೂ ಹಾಳಾಗುತ್ತಿರಲಿಲ್ಲ ಮಾರಾಯ್ರೇ. ಪಿಟಿ ಎಣಿಕೆ, ಆ ಗ್ಯಾರಂಟಿ, ಎರಡೂ ಮುಂದಿನ ಕ್ಯಾರೆಕ್ಟರ್ ಬ್ಯಾನರಿಗೆ ಹಾಗೇ ಹೋಗುತ್ತವೆ. ಹಾಗಾಗಿ ನಿಮ್ಮ 70 ಕೂಡ ಎಲ್ಲಿಗೂ ಹೋಗಲ್ಲ.

ಇಷ್ಟಕ್ಕೂ ಮೂಲ ದರ ಪ್ರತಿ ಪುಲ್‌ಗೆ 0.6 ಶೇಕಡಾ. ಪಿಟಿ ಇಲ್ಲದಿದ್ದರೆ 90 ಪುಲ್ ಮಾಡಿದ ನೂರು ಜನರಲ್ಲಿ ಸುಮಾರು 58 ಜನರಿಗೆ ಏನೂ ಸಿಗುತ್ತಿರಲಿಲ್ಲ. ಆಟಗಾರರು ಸಾವಿರಾರು ಪುಲ್ ಕೂಡಿಸಿ ಕಂಡುಕೊಂಡ ಪ್ರಕಾರ 74ರ ಆಸುಪಾಸಿನಿಂದ ಅವಕಾಶ ಜೋರಾಗಿ ಏರುತ್ತದೆ. ನಿಮಗೂ ಬೇಗನೇ ಚಿನ್ನ ಬೀಳಬಹುದು. ಯಾರ ಮುಖ ಅನ್ನೋದೇ ಪ್ರಶ್ನೆ.

ಕೆಟ್ಟದ್ದಕ್ಕೆ ಲೆಕ್ಕ ಹಾಕಿ. ಈಗ 20 ಪುಲ್, ಕೈತಪ್ಪಿದರೆ ಇನ್ನೂ 90, ಒಟ್ಟು 110. ಪುಲ್‌ಗೆ ಆಟದ ನಾಣ್ಯವಾದ ಪ್ರೈಮೊಜೆಮ್ 160, ಅಂದರೆ ಒಟ್ಟು 17,600. ದೊಡ್ಡ ಪ್ಯಾಕ್ ಅಮೆರಿಕದ ಬೆಲೆಯಲ್ಲಿ 99.99 ಡಾಲರ್, ಮೊದಲ ಸಲದ ಡಬಲ್ ಬಿಟ್ಟರೆ ಸಿಗೋದು 8,080. ಎರಡು ಕೊಂಡರೂ ಸಾಲಲ್ಲ. ಈಗಾಗಲೇ ಸೋತು ಗ್ಯಾರಂಟಿ ಉಳಿಸಿಕೊಂಡಿದ್ದರೆ ಮಾತ್ರ 20ಕ್ಕೇ ಮುಗಿಯುತ್ತದೆ. ಆಟದೊಳಗಿನ ಹಿಸ್ಟರಿಯಲ್ಲಿ ಹಿಂದಿನ ಫೈವ್ ಸ್ಟಾರ್ ಯಾರು ಅಂತ ಮೊದಲು ನೋಡಿ.

ತಿಂಗಳ ಲಿಮಿಟ್ ಅಂತ ಒಂದು ಮೊತ್ತ ಹೇಳಿ ಅಂದ್ರೆ ನಾನು ಹೇಳಲ್ಲ. ಅಂಥ ಮೊತ್ತ ಇಟ್ಟುಕೊಂಡವರು 'ಮುಂದಿನ ತಿಂಗಳದ್ದು ಈಗಲೇ' ಅಂತಾರೆ, ನಾನೂ ಅಂದವನೇ. ದುಡ್ಡಿಗಿಂತ ಪುಲ್‌ಗೆ ಲಿಮಿಟ್ ಹಾಕಿ: ಗ್ಯಾರಂಟಿವರೆಗಿನ ಪೂರ್ತಿ ಪ್ರೈಮೊಜೆಮ್ ಕೈಯಲ್ಲಿದ್ದರೆ ಪುಲ್ ಮಾಡಿ, ಇಲ್ಲದಿದ್ದರೆ ಬ್ಯಾನರ್ ಹೋಗಲಿ, ಬಹಳಷ್ಟು ಕ್ಯಾರೆಕ್ಟರ್‌ಗಳು ಮತ್ತೆ ಬರುತ್ತವೆ. ಖರ್ಚು ಮಾಡಲೇಬೇಕಾದರೆ 4.99 ಡಾಲರಿನ ವೆಲ್ಕಿನ್ ಮೂನ್ ಅನ್ನೋ 30 ದಿನದ ಪಾಸ್ ಒಂದೇ. 30 ದಿನ ತಪ್ಪದೆ ಲಾಗಿನ್ ಆದರೆ 3,000 ಸಿಗುತ್ತದೆ. ದೊಡ್ಡ ಪ್ಯಾಕ್ ಬೆಲೆಯ ಇಪ್ಪತ್ತನೇ ಒಂದು ಭಾಗಕ್ಕೆ ಅದರ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಮತ್ತೆ ಫೋನಿನಲ್ಲಿ ಸೇವ್ ಆಗಿರೋ ಕಾರ್ಡನ್ನು ಇವತ್ತೇ ತೆಗೆದುಬಿಡಿ.