ಕುಡಿತ ಬಿಡಿಸಲು ಕೇಂದ್ರಕ್ಕೆ ಸೇರಿಸಬೇಕೇ?

ತೀರ್ಥಹಳ್ಳಿ ಕಡೆಯವರು ನಾವು. ಅಣ್ಣನನ್ನು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಬೇಕೇ, ಹೊರರೋಗಿ ಚಿಕಿತ್ಸೆ ಅಥವಾ ಹಗಲು ಆರೈಕೆ ಸಾಕೇ?

ಕುಡಿತ ನಿಲ್ಲಿಸಿದ ಮೊದಲ ನಾಲ್ಕೈದು ದಿನ ದೇಹ ಹೇಗೆ ವರ್ತಿಸೀತು ಎಂಬುದನ್ನು ನೋಡಿ ನಿರ್ಧರಿಸಿ. ಮದ್ಯ ಮಿದುಳನ್ನು ಮಂಕಾಗಿಸುತ್ತದೆ. ಅದಕ್ಕೆ ಒಗ್ಗಿಕೊಂಡ ಮಿದುಳು, ಮದ್ಯ ತಟ್ಟನೆ ನಿಂತರೆ ಕೆರಳುತ್ತದೆ. ಎರಡು ದಿನದೊಳಗೆ ಫಿಟ್ಸ್, ಮೂರನೆಯ ದಿನದ ಹೊತ್ತಿಗೆ ಭ್ರಮೆ ಬರಬಹುದು. ಬೆಳಿಗ್ಗೆ ಕಾಫಿ ಲೋಟ ತುಳುಕುವಷ್ಟು ಕೈ ನಡುಗಿ, ಕುಡಿದೊಡನೆ ನಡುಕ ಇಳಿಯುತ್ತದೆಯೇ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ? ಹಾಗಿದ್ದರೆ ರಾತ್ರಿಯೂ ವೈದ್ಯರಿರುವ ಕಡೆಯೇ ದಾಖಲಿಸಿ. ಬರೀ ಕೋಣೆಗೆ ಬೀಗ ಹಾಕಿಡುವ ಕೇಂದ್ರ ಬೇಡ.

ಇಂಥ ಲಕ್ಷಣಗಳಿಲ್ಲದೆ, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವವರು ಮನೆಯಲ್ಲಿದ್ದರೆ, ವೈದ್ಯರು ಪರೀಕ್ಷಿಸಿ ಒಪ್ಪಿದ ಮೇಲೆ ಹೊರರೋಗಿ ಚಿಕಿತ್ಸೆ ಸಾಕು. ಹಗಲು ಆರೈಕೆಯೆಂದರೆ ಸಂಜೆಯವರೆಗೆ ಆಪ್ತಸಮಾಲೋಚನೆ, ರಾತ್ರಿ ಮನೆ. ನಡುಕ ಇಳಿದವರಿಗೆ ಅದು ಒಳ್ಳೆಯದೇ, ಆದರೆ ಮಳೆಗಾಲದಲ್ಲಿ ದಿನವೂ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಓಡಾಡುವುದು ನಿಮ್ಮಿಂದಾದೀತೇ?